ಡಬ್ಬಿಯ ತಗ್ಗು, ಗೋಡೆಯ ಬಾಗು

ಮನೆಯಲ್ಲಿರುವ ಪ್ಲಾಸ್ಟಿಕ್ ಟ್ರೇಯನ್ನೋ ಡಬ್ಬಿಯನ್ನೋ ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ನೋಡಿ. ನಯವಾದ ಮೈಮೇಲೆ ಬೆಳಕು ಒಂದು ಕಡೆ ಗೆರೆಯಾಗಿ ಮುರಿದಂತೆ ಕಂಡರೆ ಅಲ್ಲಿ ಬೆರಳಾಡಿಸಿ, ಸಣ್ಣ ತಗ್ಗು ಸಿಗುತ್ತದೆ. ಡಬ್ಬಿಯನ್ನು ತಿರುಗಿಸಿದರೆ ಆ ತಗ್ಗಿನ ಬೆನ್ನಿಗೇ ಬಲಕ್ಕೆಂದು ಕೊಟ್ಟ ಪಟ್ಟಿಯೋ ಸ್ಕ್ರೂ ಕೂರುವ ಗೂಟವೋ ಇರುತ್ತದೆ. ಪಟ್ಟಿಗೆ ಕಾರ್ಖಾನೆಯಲ್ಲಿ ರಿಬ್ ಎನ್ನುತ್ತಾರೆ, ಗೂಟಕ್ಕೆ ಬಾಸ್, ತಗ್ಗಿಗೆ ಸಿಂಕ್ ಮಾರ್ಕ್. ಚೌಕ ಡಬ್ಬಿಗಳಲ್ಲಿ ಇನ್ನೊಂದು ತೊಂದರೆಯೂ ಉಂಟು: ಗೋಡೆಗಳು ನಡುಮಧ್ಯದಲ್ಲಿ ಒಳಕ್ಕೆ ಬಾಗಿ, ಮುಚ್ಚಳ ಎಷ್ಟು ಒತ್ತಿದರೂ ಕೂರುವುದಿಲ್ಲ. ಇದು ವಾರ್ಪೇಜ್. ನೋಡಲು ಬೇರೆ ಬೇರೆಯಾದರೂ ಎರಡರ ಮೂಲ ಒಂದೇ. ಡಬ್ಬಿಯ ಒಂದು ಭಾಗ ಬೇಗ ಗಟ್ಟಿಯಾಗುತ್ತದೆ, ಇನ್ನೊಂದು ಭಾಗ ತಡವಾಗಿ ಗಟ್ಟಿಯಾಗುತ್ತ ತನ್ನ ಸುತ್ತಲನ್ನು ಎಳೆಯುತ್ತದೆ.

ಇಂಥ ಡಬ್ಬಿಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್‌ನಿಂದ ಆಗುತ್ತವೆ. ಸುಮಾರು 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಪ್ಲಾಸ್ಟಿಕ್ಕನ್ನು ಮೆಷಿನ್ ಒತ್ತಡದಿಂದ ಉಕ್ಕಿನ ಅಚ್ಚಿಗೆ ನುಗ್ಗಿಸುತ್ತದೆ. ಒತ್ತಡವಿಲ್ಲದಾಗ, ಆ ಬಿಸಿಯಲ್ಲಿ ಒಂದು ಗ್ರಾಂ ಪ್ಲಾಸ್ಟಿಕ್ ಸುಮಾರು 1.3 ಘನ ಸೆಂಟಿಮೀಟರ್ ಜಾಗ ಹಿಡಿಯುತ್ತದೆ. ತಣಿದ ಮೇಲೆ ಅದೇ ಒಂದು ಗ್ರಾಂಗೆ 1.1 ಸಾಕು. ಕಡಿಮೆಯಾದ ಜಾಗವನ್ನು ತುಂಬಲೆಂದೇ ಅಚ್ಚು ತುಂಬಿದ ಮೇಲೂ ಮೆಷಿನ್ ಕೆಲವು ಸೆಕೆಂಡ್ ಒತ್ತಿ ಹಿಡಿದು ಇನ್ನಷ್ಟು ಪ್ಲಾಸ್ಟಿಕ್ ತಳ್ಳುತ್ತಿರುತ್ತದೆ. ಇದು ಹೋಲ್ಡಿಂಗ್ ಪ್ರೆಶರ್. ಆದರೆ ಪ್ಲಾಸ್ಟಿಕ್ ಒಳಬರುವ ಕಿರಿದಾದ ಬಾಯಿ, ಅಂದರೆ ಗೇಟ್, ಗಟ್ಟಿಯಾದ ಕ್ಷಣಕ್ಕೆ ಈ ಪೂರೈಕೆ ನಿಂತುಹೋಗುತ್ತದೆ. ಆಮೇಲೂ ಒಳಗೆಲ್ಲೋ ಮೆತ್ತಗೆ ಉಳಿದ ಭಾಗವಿದ್ದರೆ ಅದು ಕುಗ್ಗುವಾಗ ಹೊರಗಿನ ತೆಳು ಪದರವನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ. ತಗ್ಗು ಬೀಳುವುದು ಹೀಗೆ.

ಯಾವ ಭಾಗ ಕೊನೆಗೆ ಉಳಿಯುತ್ತದೆ ಎಂಬುದನ್ನು ದಪ್ಪ ನಿರ್ಧರಿಸುತ್ತದೆ. ಇದರ ಲೆಕ್ಕ ಅನೇಕರು ಅಂದುಕೊಂಡಂತಿಲ್ಲ. ದಪ್ಪ ಎರಡರಷ್ಟಾದರೆ ತಣಿಯುವ ಹೊತ್ತು ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. 40 ಡಿಗ್ರಿಯ ಅಚ್ಚಿನಲ್ಲಿ 2 ಮಿಲಿಮೀಟರ್ ಗೋಡೆಗೆ ಸುಮಾರು 7 ಸೆಕೆಂಡ್ ಬೇಕಾದರೆ 4 ಮಿಲಿಮೀಟರ್ ಗೋಡೆಗೆ ಹತ್ತಿರ ಹತ್ತಿರ 28 ಸೆಕೆಂಡ್ ಬೇಕು.

ಈಗ ಒಂದು ಡಬ್ಬಿಯನ್ನೇ ತೆಗೆದುಕೊಳ್ಳೋಣ. ಉದ್ದ 200 ಮಿಲಿಮೀಟರ್, ಅಗಲ 150, ಗೋಡೆ ಮತ್ತು ತಳದ ದಪ್ಪ 2.5. ತಳಕ್ಕೆ ಬಲ ಬರಲೆಂದು ವಿನ್ಯಾಸಕಾರ ಕೆಳಗೆ ರಿಬ್‌ಗಳನ್ನೂ 2.5 ಮಿಲಿಮೀಟರ್ ದಪ್ಪಕ್ಕೇ ಕೊಟ್ಟಿದ್ದಾನೆ. ಎಲ್ಲ ಕಡೆ ಒಂದೇ ದಪ್ಪ, ಸರಿಯಾಗಿಯೇ ಇದೆ ಅನ್ನಿಸುತ್ತದೆ. ಆದರೆ ರಿಬ್ ತಳವನ್ನು ಸೇರುವ ಜಾಗದಲ್ಲಿ ಹಿಡಿಸುವ ಅತಿ ದೊಡ್ಡ ವೃತ್ತವನ್ನು ಕಾಗದದ ಮೇಲೆ ಬರೆದು ನೋಡಿ. ಮೂಲೆಗಳನ್ನು ಚೂಪಾಗಿಯೇ ಬಿಟ್ಟರೂ ಅದರ ವ್ಯಾಸ 3.1 ಮಿಲಿಮೀಟರ್ ದಾಟುತ್ತದೆ. ಎಂದರೆ ಆ ಸೇರುವೆಯಲ್ಲಿ ದಪ್ಪ ಕಾಲು ಭಾಗ ಹೆಚ್ಚು, ತಣಿಯಲು ಬೇಕಾದ ಹೊತ್ತು ಒಂದೂವರೆ ಪಟ್ಟು. ಅದೇ ರಿಬ್ಬನ್ನು ಗೋಡೆಯ ಅರ್ಧಕ್ಕೆ, 1.25 ಮಿಲಿಮೀಟರ್‌ಗೆ ಇಳಿಸಿದರೆ ವೃತ್ತ 2.66ಕ್ಕೆ ಇಳಿಯುತ್ತದೆ. ತಗ್ಗು ಕಣ್ಣಿಗೆ ಬೀಳದಷ್ಟಾಗುತ್ತದೆ. ರಿಬ್ ದಪ್ಪ ಗೋಡೆಯ ಅರ್ಧದಿಂದ ಶೇ. 60ರೊಳಗಿರಲಿ ಎಂಬ ರೂಢಿಯ ಹಿಂದಿರುವುದು ಈ ಲೆಕ್ಕವೇ. ಬಲ ಸಾಲದಿದ್ದರೆ ಒಂದು ದಪ್ಪ ರಿಬ್ಬಿನ ಬದಲು ಎರಡು ತೆಳು ರಿಬ್ ಕೊಡುವುದು ಮೇಲು.

ಇದನ್ನು ಅಚ್ಚು ಮಾಡುವ ಮೊದಲೇ ನಿರ್ಧರಿಸಬೇಕು. ಡಬ್ಬಿಯ ರಿಬ್ ಎಂದರೆ ಅಚ್ಚಿನ ಉಕ್ಕಿನಲ್ಲಿ ಕೊರೆದ ಒಂದು ಸೀಳು. ತೆಳುವಾಗಿ ಕೊರೆದ ಸೀಳನ್ನು ಆಮೇಲೆ ಅಗಲ ಮಾಡುವುದು ಸುಲಭ. ಅಗಲವಾದದ್ದನ್ನು ಕಿರಿದು ಮಾಡಬೇಕೆಂದರೆ ಉಕ್ಕನ್ನು ವೆಲ್ಡಿಂಗ್ ಮಾಡಿ ತುಂಬಬೇಕು, ಇಲ್ಲವೇ ಆ ತುಂಡನ್ನೇ ಬದಲಿಸಬೇಕು.

ಅಚ್ಚು ಬಂದಾಗಿದೆ, ತಗ್ಗು ಬೀಳುತ್ತಿದೆ ಎಂದಾಗ ಆಪರೇಟರ್ ಮಾಡಬಹುದಾದ ಒಂದು ಖಚಿತ ಪರೀಕ್ಷೆ ಇದೆ. ಹೋಲ್ಡಿಂಗ್ ಸಮಯವನ್ನು ಸೆಕೆಂಡ್ ಸೆಕೆಂಡಾಗಿ ಏರಿಸುತ್ತ ಪ್ರತಿ ಸಲದ ಡಬ್ಬಿಯನ್ನು ತಕ್ಕಡಿಯಲ್ಲಿ ತೂಗಬೇಕು. ತೂಕ ಏರುತ್ತಿದ್ದರೆ ಪ್ಲಾಸ್ಟಿಕ್ ಇನ್ನೂ ಒಳಹೋಗುತ್ತಿದೆ. ತೂಕ ಒಂದು ಹಂತದಲ್ಲಿ ನಿಂತಿತೆಂದರೆ ಗೇಟ್ ಮುಚ್ಚಿತು, ಆಮೇಲೆ ಒತ್ತಿದ್ದೆಲ್ಲ ವ್ಯರ್ಥ. ಒತ್ತಡವೂ ಸಾಕಷ್ಟಿದ್ದು ಅಲ್ಲಿಯವರೆಗೂ ಹೋಗದ ತಗ್ಗು ಗೇಟಿನ ಅಳತೆಯದ್ದೋ ರಿಬ್ಬಿನ ದಪ್ಪದ್ದೋ ಆಗಿರುತ್ತದೆ. ಕೆಲವರು ಅಚ್ಚನ್ನು ವಿಪರೀತ ತಣ್ಣಗೆ ಮಾಡಿ ತಗ್ಗನ್ನು ಮಾಯ ಮಾಡುತ್ತಾರೆ. ಹೊರಪದರ ಬೇಗ ಗಡುಸಾಗಿ ಒಳಕ್ಕೆ ಬಗ್ಗುವುದಿಲ್ಲ, ನಿಜ. ಅಂಥ ಡಬ್ಬಿಯನ್ನು ರಿಬ್ ಇರುವಲ್ಲಿ ಗರಗಸದಿಂದ ಸೀಳಿ ನೋಡಬೇಕು. ಮೇಲಿನ ತಗ್ಗು ಒಳಗೆ ಪೊಳ್ಳಾಗಿ ಕೂತಿರುತ್ತದೆ.

ಇನ್ನು ಗೋಡೆಯ ಬಾಗು. ಪಾಲಿಪ್ರೊಪಿಲೀನ್ ಉದ್ದದಲ್ಲಿ ಸಾಮಾನ್ಯವಾಗಿ ಶೇ. 1ರಿಂದ 2.5ರವರೆಗೆ ಕುಗ್ಗುತ್ತದೆ. ಎಲ್ಲೆಡೆ ಒಂದೇ ಸಮ ಕುಗ್ಗಿದರೆ ಚಿಂತೆಯಿಲ್ಲ, ಅಚ್ಚನ್ನು ಅಷ್ಟು ದೊಡ್ಡದಾಗಿ ಕೊರೆದರಾಯಿತು. ಕುಗ್ಗುವಿಕೆಯಲ್ಲಿ ಅರ್ಧ ಶೇಕಡಾ ವ್ಯತ್ಯಾಸ ಬಂದರೆ ಮಾತ್ರ 200 ಮಿಲಿಮೀಟರ್ ಉದ್ದಕ್ಕೆ ಅದು ಪೂರಾ ಒಂದು ಮಿಲಿಮೀಟರ್. ಡಬ್ಬಿಯಲ್ಲಿ ಈ ವ್ಯತ್ಯಾಸ ಹುಟ್ಟುವುದು ಮೂಲೆಗಳಲ್ಲಿ. ಡಬ್ಬಿಯ ಒಳರೂಪ ಕೊಡುವ ಉಕ್ಕಿನ ದಿಮ್ಮಿಯೇ ಕೋರ್. ಅದರ ಮೂಲೆಗೆ ಎರಡು ಗೋಡೆಗಳ ಶಾಖ ಒಟ್ಟಿಗೆ ಬಂದು ಸೇರುತ್ತದೆ, ಅದನ್ನು ಹೀರಲು ಅಲ್ಲಿರುವ ಉಕ್ಕೋ ಕಡಿಮೆ. ಹಾಗಾಗಿ ಮೂಲೆಯ ಹೊರಮೈ ಮೊದಲು ಗಟ್ಟಿಯಾಗಿ, ಒಳಮೈ ಕೊನೆಗೆ ಕುಗ್ಗುತ್ತದೆ. 90 ಡಿಗ್ರಿಯ ಮೂಲೆ ಸ್ವಲ್ಪ ಮುಚ್ಚಿಕೊಳ್ಳುತ್ತದೆ. ಎರಡೂ ತುದಿಯ ಮೂಲೆಗಳು ಹೀಗೆ ಮುಚ್ಚಿದಾಗ ನಡುವಿನ ಗೋಡೆ ಒಳಕ್ಕೆ ಹೋಗದೆ ಬೇರೆ ದಾರಿಯಿಲ್ಲ.

ಇದಕ್ಕೆ ಸಾಮಾನ್ಯವಾಗಿ ಹುಡುಕುವ ಉಪಾಯ ಡಬ್ಬಿಯನ್ನು ಇನ್ನಷ್ಟು ಹೊತ್ತು ಅಚ್ಚಿನಲ್ಲೇ ಬಿಡುವುದು, ಅಥವಾ ಹೊರಬಂದ ಬಿಸಿ ಡಬ್ಬಿಯೊಳಗೆ ಮರದ ಚೌಕಟ್ಟು ತುರುಕಿಡುವುದು. ಗೋಡೆ ನೇರವಾಗಿ ಕಾಣುತ್ತದಾದರೂ ಎಳೆತ ಒಳಗೇ ಉಳಿದಿರುತ್ತದೆ. ಬಿಸಿನೀರು ಬಿದ್ದಾಗಲೋ ಬಿಸಿಲಿಗಿಟ್ಟಾಗಲೋ ಅದೇ ಬಾಗು ಮರಳುತ್ತದೆ. ಪಾಲಿಪ್ರೊಪಿಲೀನ್ ಹೊರಬಂದ ಮೇಲೂ ಕುಗ್ಗುತ್ತಿರುವುದರಿಂದ ಅಳತೆಯನ್ನು ಒಂದು ದಿನ ಬಿಟ್ಟೇ ತೆಗೆದುಕೊಳ್ಳಬೇಕು.

ನಿಜವಾದ ಪರಿಹಾರ ಕೋರ್‌ನ ಮೂಲೆಗೆ ನೀರು ಮುಟ್ಟಿಸುವುದು. ಕೋರ್‌ನೊಳಗೆ ಆಳವಾಗಿ ರಂಧ್ರ ಕೊರೆದು, ನಡುವೆ ಲೋಹದ ಪಟ್ಟಿ ನಿಲ್ಲಿಸಿದರೆ ನೀರು ಒಂದು ಬದಿಯಿಂದ ಮೇಲೇರಿ ಇನ್ನೊಂದು ಬದಿಯಿಂದ ಇಳಿಯುತ್ತದೆ. ಅದಕ್ಕೆ ಬ್ಯಾಫಲ್ ಎನ್ನುತ್ತಾರೆ. ರಂಧ್ರಕ್ಕೂ ಜಾಗವಿಲ್ಲದ ಕಡೆ, ಶಾಖವನ್ನು ಉಕ್ಕಿಗಿಂತ ಬೇಗ ಸಾಗಿಸುವ ಬೆರಿಲಿಯಂ ತಾಮ್ರದ ತುಂಡನ್ನು ಮೂಲೆಗೆ ಕೂರಿಸುತ್ತಾರೆ. ಜೊತೆಗೆ ಡಬ್ಬಿಯ ಮೂಲೆಗಳನ್ನು ಒಳಗೂ ಹೊರಗೂ ಒಂದೇ ಕೇಂದ್ರದಿಂದ ದುಂಡಾಗಿಸಿದರೆ ಅಲ್ಲಿ ದಪ್ಪ ಹೆಚ್ಚುವುದು ತಪ್ಪುತ್ತದೆ.

ಮೊದಲು ನೆಟ್ಟಗಿದ್ದ ಡಬ್ಬಿ ಒಂದೆರಡು ವರ್ಷದ ಮೇಲೆ ಬಾಗತೊಡಗಿದರೆ ನಾನು ಮೊದಲು ಅನುಮಾನಿಸುವುದು ನೀರನ್ನು. ಬೆಂಗಳೂರಿನ ಸುತ್ತ ಬೋರ್‌ವೆಲ್‌ನ ಗಡಸು ನೀರನ್ನೇ ಅಚ್ಚಿಗೆ ಹರಿಸುವ ಕಡೆಗಳಲ್ಲಿ ನಾಲೆಗಳ ಒಳಗೆ ಸುಣ್ಣದ ಗಾರು ಕಟ್ಟುತ್ತದೆ. ಒಂದು ಮಿಲಿಮೀಟರ್ ಗಾರು ಶಾಖವನ್ನು ಹತ್ತು ಮಿಲಿಮೀಟರ್ ಉಕ್ಕಿಗಿಂತ ಹೆಚ್ಚಾಗಿ ತಡೆಯುತ್ತದೆ. ಚಿಲ್ಲರ್ ಪರದೆಯ ಮೇಲೆ ನೀರು 15 ಡಿಗ್ರಿ ಎಂದೇ ತೋರುತ್ತಿದ್ದರೂ ಕೋರ್ ಬಿಸಿಯಾಗಿಯೇ ಇರುತ್ತದೆ. ಪತ್ತೆ ಹಚ್ಚಲು ಅಚ್ಚು ಹೊಸದಿದ್ದಾಗಲೇ ಪ್ರತಿ ನಾಲೆಯ ಹೊರಹರಿವನ್ನು ಬಕೆಟ್ಟಿಗೆ ಹಿಡಿದು, ನಿಮಿಷಕ್ಕೆ ಎಷ್ಟು ಲೀಟರ್ ಎಂದು ಬರೆದಿಟ್ಟುಕೊಂಡಿರಬೇಕು. ಈಗಿನ ಹರಿವು ಅದಕ್ಕಿಂತ ಕಡಿಮೆಯಿದ್ದರೆ ನಾಲೆಯನ್ನು ಗಾರು ಕರಗಿಸುವ ದ್ರಾವಣದಿಂದ ತೊಳೆಯಬೇಕು. ಹರಿವು ಸರಿಯಿದ್ದೂ ಅನುಮಾನವಿದ್ದರೆ ಕೋರ್ ಮೈಗೆ ತಾಗಿಸಿ ಅಳೆಯುವ ತಾಪಮಾಪಕ ಬಳಸಬೇಕು. ದೂರದಿಂದ ಗುರಿಯಿಡುವ ಇನ್‌ಫ್ರಾರೆಡ್ ಗನ್ ಹೊಳೆಯುವ ಉಕ್ಕಿನ ಮೇಲೆ ತಪ್ಪು ತೋರಿಸುತ್ತದೆ.

ಪ್ಲಾಸ್ಟಿಕ್ಕಿಗೆ ಗಾಜಿನ ಎಳೆ ಬೆರೆಸಿದ್ದರೆ ಮಾತ್ರ ಈ ತಣಿಸುವ ಉಪಾಯಗಳು ಅಷ್ಟಾಗಿ ನಡೆಯುವುದಿಲ್ಲ. ಎಳೆಗಳು ಪ್ಲಾಸ್ಟಿಕ್ ಹರಿದ ದಿಕ್ಕಿಗೆ ಮಲಗುತ್ತವೆ, ಆ ದಿಕ್ಕಿನಲ್ಲಿ ಕುಗ್ಗುವುದು ಕಡಿಮೆ, ಅಡ್ಡಕ್ಕೆ ಹೆಚ್ಚು. ಅಲ್ಲಿ ಬಾಗು ತಿದ್ದಬೇಕೆಂದರೆ ಗೇಟನ್ನೇ ಬೇರೆ ಜಾಗಕ್ಕೆ ಸರಿಸಿ ಹರಿವಿನ ದಾರಿ ಬದಲಿಸಬೇಕಾಗುತ್ತದೆ.