ಜಾಗ ಸುಡುವುದಿಲ್ಲ, ಮನೆ ಸುಡುತ್ತದೆ

ಮೈಸೂರಿನಲ್ಲಿ 30×40 ನಿವೇಶನದ ಒಂದು ಮನೆಗೆ ಮಾರುಕಟ್ಟೆ ಬೆಲೆ 1.2 ಕೋಟಿ ರೂಪಾಯಿ ಎಂದುಕೊಳ್ಳಿ. ವಿಮೆಯನ್ನೂ ಅಷ್ಟಕ್ಕೇ ಮಾಡಿಸಿದರೆ ಪ್ರೀಮಿಯಂ ದಂಡ. ಬೆಂಕಿ ಬಿದ್ದರೂ ನಿವೇಶನ ಅಲ್ಲೇ ಇರುತ್ತದೆ. ಮತ್ತೆ ಕಟ್ಟಬೇಕಾದದ್ದು ಗೋಡೆ, ತಾರಸಿ, ವೈರಿಂಗು ಮಾತ್ರ.

2021ರ ಏಪ್ರಿಲ್‌ನಲ್ಲಿ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯ ಲೆಕ್ಕ ಸರಳ: ಕಾರ್ಪೆಟ್ ಏರಿಯಾವನ್ನು ಇಂದಿನ ನಿರ್ಮಾಣ ದರದಿಂದ ಗುಣಿಸುವುದು. ಬಾಲ್ಕನಿ, ವರಾಂಡಗಳ ಕಾಲುಭಾಗವಷ್ಟೇ ಲೆಕ್ಕಕ್ಕೆ. ಈ ಮನೆಯ ಒಳಗೆ 1,000 ಚದರಡಿ, ವರಾಂಡ 200 ಇದ್ದರೆ ಒಟ್ಟು 1,050. ಮೇಸ್ತ್ರಿ ಹೇಳಿದ ದರ ಚದರಡಿಗೆ 2,200 ಆದರೆ ವಿಮಾ ಮೊತ್ತ 23.1 ಲಕ್ಷ.

ಹಳ್ಳಿಯ ಹಳೇ ಮನೆಯಲ್ಲಿ ಇದೇ ತಪ್ಪು ತಿರುಗಿ ಬೀಳುತ್ತದೆ. ಕೊಳ್ಳುವವರು ಎಂಟು ಲಕ್ಷ ಕೇಳಿದ ಮನೆಯನ್ನು ಮತ್ತೆ ಕಟ್ಟಲು ಇಪ್ಪತ್ತು ಲಕ್ಷ ಬೇಕಾಗಬಹುದು.