ಬಿಲ್ ಆಗಿದೆ, ಸರಕು ಗೋದಾಮಿನಲ್ಲೇ ಇದೆ

ಬಿಲ್ ಹರಿದು ಗ್ರಾಹಕನ ಕೈಗೆ ಹೋಗಿರುತ್ತದೆ, ಕೆಲವೊಮ್ಮೆ ಹಣವೂ ಬಂದಿರುತ್ತದೆ. ಆದರೆ ಸರಕು ಮಾತ್ರ ಮಾರಿದವನ ಗೋದಾಮಿನಲ್ಲೇ ಇರುತ್ತದೆ. ಲೆಕ್ಕಪತ್ರದ ಲೋಕದಲ್ಲಿ ಇದಕ್ಕೆ ‘ಬಿಲ್ ಆಂಡ್ ಹೋಲ್ಡ್’ ಎಂದು ಹೆಸರು. ಕೊಂಡವನ ಕಟ್ಟಡ ಮುಗಿದಿಲ್ಲ, ಇಡಲು ಜಾಗವಿಲ್ಲ, ಉತ್ಪಾದನೆ ಶುರುವಾಗುವುದು ತಡ: ಇಂಥ ಕಾರಣಗಳಿಗೆ ‘ಸ್ವಲ್ಪ ದಿನ ನಿಮ್ಮಲ್ಲೇ ಇರಲಿ’ ಎಂದು ಗ್ರಾಹಕರು ಕೇಳುವುದು ಯಂತ್ರೋದ್ಯಮದಲ್ಲಿ ಸಾಮಾನ್ಯ. ತೊಡಕು ಹುಟ್ಟುವುದು ಮಾರ್ಚ್ 31ರಂದು. ಆ ಮಾರಾಟ ಮುಗಿಯುತ್ತಿರುವ ವರ್ಷದ ಆದಾಯಕ್ಕೆ ಸೇರಬೇಕೇ, ಮುಂದಿನ ವರ್ಷಕ್ಕೇ?

ಭಾರತದ ದೊಡ್ಡ ಕಂಪನಿಗಳು 2018ರ ಏಪ್ರಿಲ್‌ನಿಂದ ಪಾಲಿಸುತ್ತಿರುವ ‘ಇಂಡ್ ಎಎಸ್ 115’ ಎಂಬ ಲೆಕ್ಕಪತ್ರ ಮಾನದಂಡದ ಪ್ರಕಾರ ಇದನ್ನು ತೀರ್ಮಾನಿಸುವುದು ಬಿಲ್ಲಿನ ತಾರೀಖಲ್ಲ, ಹಣ ಬಂದ ದಿನವೂ ಅಲ್ಲ. ಸರಕಿನ ಮೇಲಿನ ಹಿಡಿತ ಯಾವಾಗ ಕೊಂಡವನಿಗೆ ಹೋಯಿತು ಎಂಬುದೇ ಮುಖ್ಯ. ಸಾಮಾನ್ಯವಾಗಿ ಸರಕು ಕೈಸೇರಿದಾಗ ಹಿಡಿತವೂ ಸೇರುತ್ತದೆ. ಸರಕು ಮಾರಿದವನ ಬಳಿಯೇ ಉಳಿದಾಗ ಈ ಸುಲಭದ ಗುರುತು ಸಿಗುವುದಿಲ್ಲ. ಆದ್ದರಿಂದ ಮಾನದಂಡ ನಾಲ್ಕು ಷರತ್ತುಗಳನ್ನು ಸೇರಿಸಿದೆ, ನಾಲ್ಕೂ ಈಡೇರಲೇಬೇಕು. ಸರಕನ್ನು ಉಳಿಸಿಕೊಂಡಿರುವುದಕ್ಕೆ ನಿಜವಾದ ಕಾರಣವಿರಬೇಕು. ಗ್ರಾಹಕನೇ ಕೇಳಿಕೊಂಡಿರುವುದು ಅಂಥ ಒಂದು ಕಾರಣ. ಆ ಸರಕು ಇಂಥ ಗ್ರಾಹಕನದು ಎಂದು ಬೇರೆಯಾಗಿ ಗುರುತಿಸಿರಬೇಕು. ಕೇಳಿದ ಕೂಡಲೇ ಲಾರಿಗೆ ಏರಿಸುವಷ್ಟು ಅದು ಸಿದ್ಧವಾಗಿರಬೇಕು. ಮಾರಿದವನು ಅದನ್ನು ತಾನು ಬಳಸುವಂತಿರಬಾರದು, ಇನ್ನೊಬ್ಬ ಗ್ರಾಹಕನಿಗೆ ತಿರುಗಿಸುವಂತೆಯೂ ಇರಬಾರದು.

ಕೊನೆಯ ಷರತ್ತು ಕೇಳಲು ಸರಳ, ಪಾಲಿಸಲು ಕಷ್ಟ. ಅವಸರದಲ್ಲಿರುವ ಮತ್ತೊಬ್ಬ ಗ್ರಾಹಕ ಬಂದಾಗ ‘ಇದನ್ನು ಅವರಿಗೆ ಕೊಟ್ಟು, ಇವರಿಗೆ ಮುಂದಿನ ತಿಂಗಳು ಹೊಸದು ಮಾಡಿಕೊಡೋಣ’ ಎಂದು ಮಾರಾಟ ವಿಭಾಗಕ್ಕೆ ಅನಿಸುವುದು ಸಹಜ. ಹಾಗೆ ಮಾಡುವ ಸ್ವಾತಂತ್ರ್ಯ ಇದೆ ಎಂದಾದರೆ ಆ ಸರಕು ಇನ್ನೂ ಮಾರಿದವನ ಹಿಡಿತದಲ್ಲೇ ಇದೆ.

ಒಂದು ಕಾಲ್ಪನಿಕ ಉದಾಹರಣೆಯಲ್ಲಿ ಇದು ಸ್ಪಷ್ಟವಾಗುತ್ತದೆ. ಬೆಂಗಳೂರಿನ ಪೀಣ್ಯದಲ್ಲಿ ಕಾರ್ಖಾನೆಯಿರುವ, ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯೊಂದು ಬೆಳಗಾವಿಯ ಗ್ರಾಹಕನಿಗೆ ತಲಾ 25 ಲಕ್ಷ ರೂಪಾಯಿಯ ನಾಲ್ಕು ಸಿಎನ್‌ಸಿ ಲೇತ್‌ಗಳನ್ನು ಮಾರಿದೆ. ಯಂತ್ರ ಕೂರಿಸುವ ಕೆಲಸ ಗ್ರಾಹಕನದೇ. ಅವನ ಹೊಸ ಶೆಡ್ಡಿನ ನೆಲ ಇನ್ನೂ ಆಗಿಲ್ಲ. ಜೂನ್ ಕೊನೆಯವರೆಗೆ ಇಟ್ಟುಕೊಳ್ಳಿ ಎಂದು ಮಾರ್ಚ್ 20ರಂದು ಪತ್ರ ಬರೆದಿದ್ದಾನೆ. ಮಾರ್ಚ್ 28ರಂದು ಒಂದು ಕೋಟಿ ರೂಪಾಯಿಗೆ ಬಿಲ್ ಆಗಿದೆ. ಜಿಎಸ್‌ಟಿಯನ್ನು ಸದ್ಯ ಬದಿಗಿಡೋಣ.

ಮಾರ್ಚ್ 31ರಂದು ಗೋದಾಮಿಗೆ ಹೋಗಿ ನೋಡಿದರೆ ಮೂರು ಯಂತ್ರಗಳು ಪರೀಕ್ಷೆ ಮುಗಿಸಿ, ಸೀರಿಯಲ್ ನಂಬರಿನ ಜೊತೆ ಗ್ರಾಹಕನ ಹೆಸರಿನ ಚೀಟಿ ಹೊತ್ತು ಬೇರೆಯೇ ಕಡೆ ನಿಂತಿವೆ. ನಾಲ್ಕನೆಯದಕ್ಕೆ ಕಂಟ್ರೋಲ್ ಪ್ಯಾನೆಲ್ ಇನ್ನೂ ಜೋಡಿಸಿಲ್ಲ. ನಾಲ್ಕಕ್ಕೂ ಒಂದೇ ಬಿಲ್, ಒಂದೇ ಪತ್ರ. ಆದರೂ ಈ ವರ್ಷದ ಆದಾಯಕ್ಕೆ ಸೇರುವುದು ಮೂರು ಮಾತ್ರ. ನಾಲ್ಕನೆಯದು ಸಿದ್ಧವಾಗಿಲ್ಲ, ಅದು ಕಂಪನಿಯ ದಾಸ್ತಾನಿನಲ್ಲೇ ಉಳಿಯುತ್ತದೆ. ಅದಕ್ಕೆ ಮುಂಗಡ ಬಂದಿದ್ದರೆ ಆ ಹಣ ಆದಾಯವಲ್ಲ, ತೀರಿಸಬೇಕಾದ ಹೊಣೆ. ಏಪ್ರಿಲ್‌ನಲ್ಲಿ ಪ್ಯಾನೆಲ್ ಕೂರಿಸಿ, ಪರೀಕ್ಷಿಸಿ, ಗ್ರಾಹಕನ ಹೆಸರಿಗೆ ಎತ್ತಿಟ್ಟ ದಿನ ಅದರ ಸರದಿ ಬರುತ್ತದೆ.

ಹಾಗಾದರೆ ಮೂರು ಯಂತ್ರಗಳ 75 ಲಕ್ಷವೂ ಮಾರ್ಚ್‌ನ ಆದಾಯವೇ? ಪೂರ್ತಿ ಅಲ್ಲ. ಯಂತ್ರ ಗ್ರಾಹಕನದಾದ ಮೇಲೆ ಅದನ್ನು ಕಾಯುತ್ತಿರುವ ಕಂಪನಿ ಅವನಿಗೆ ಇನ್ನೊಂದು ಸೇವೆ ಕೊಡುತ್ತಿದೆ ಎಂದು ಮಾನದಂಡ ಭಾವಿಸುತ್ತದೆ. ಬಿಲ್ಲಿನಲ್ಲಿ ಗೋದಾಮಿನ ಬಾಡಿಗೆ ಎಂಬ ಸಾಲು ಇಲ್ಲದಿದ್ದರೂ ಬೆಲೆಯ ಒಂದು ಪಾಲು ಆ ಸೇವೆಗೆ ಸಲ್ಲುತ್ತದೆ. ಮೂರು ಯಂತ್ರಗಳನ್ನು ಮೂರು ತಿಂಗಳು ಇಟ್ಟುಕೊಳ್ಳಲು ಪ್ರತ್ಯೇಕವಾಗಿ ಕೇಳಿದ್ದರೆ ಒಂದು ಲಕ್ಷ ಆಗುತ್ತಿತ್ತು ಎಂದಿಟ್ಟುಕೊಳ್ಳೋಣ. ಆಗ 75 ಲಕ್ಷವನ್ನು 75ಕ್ಕೆ 1ರ ಪ್ರಮಾಣದಲ್ಲಿ ಹಂಚಬೇಕು. ಯಂತ್ರಗಳಿಗೆ ಸುಮಾರು 74.01 ಲಕ್ಷ ಸಿಕ್ಕಿ ಅದು ಮಾರ್ಚ್‌ನಲ್ಲೇ ಆದಾಯವಾಗುತ್ತದೆ. ಉಳಿದ ಸುಮಾರು 99 ಸಾವಿರ ಏಪ್ರಿಲ್‌ನಿಂದ ಜೂನ್‌ವರೆಗೆ ತಿಂಗಳಿಗೆ 33 ಸಾವಿರದಂತೆ ಸೇರುತ್ತದೆ. ಮೊತ್ತ ತೀರಾ ಸಣ್ಣದಾದರೆ ಕಂಪನಿಗಳು ಈ ಹಂಚಿಕೆಯ ಗೋಜಿಗೆ ಹೋಗುವುದಿಲ್ಲ, ಅದರಲ್ಲಿ ತಪ್ಪೂ ಇಲ್ಲ. ವರ್ಷಗಟ್ಟಲೆ ಇಟ್ಟುಕೊಳ್ಳುವ ಬಿಡಿಭಾಗಗಳಲ್ಲಿ ಮಾತ್ರ ಅದು ದೊಡ್ಡ ಮೊತ್ತವೇ ಆಗಬಹುದು.

ತೆರಿಗೆಯ ದಾರಿ ಬೇರೆ. ಸರಕಿನ ಬಿಲ್ ಆದರೆ ಜಿಎಸ್‌ಟಿ ಕಟ್ಟುವ ಹೊಣೆ ಬಿಲ್ಲಿನ ತಾರೀಖಿಗೇ ಹುಟ್ಟುತ್ತದೆ. ಹೀಗಾಗಿ ನಾಲ್ಕನೇ ಯಂತ್ರ ಮಾರ್ಚ್‌ನ ಜಿಎಸ್‌ಟಿ ರಿಟರ್ನ್‌ನಲ್ಲಿ ಇರುತ್ತದೆ, ಆ ವರ್ಷದ ಲಾಭ–ನಷ್ಟದ ಪಟ್ಟಿಯಲ್ಲಿ ಇರುವುದಿಲ್ಲ. ವರ್ಷದ ಕೊನೆಗೆ ಎರಡನ್ನೂ ತಾಳೆ ನೋಡುವವರು ಗಾಬರಿಯಾಗಬೇಕಿಲ್ಲ, ವ್ಯತ್ಯಾಸದ ಕಾರಣ ಬರೆದಿಟ್ಟರೆ ಸಾಕು. ಕೊಂಡವನಿಗೆ ಮಾತ್ರ ಇದರಲ್ಲಿ ನಷ್ಟವಿದೆ: ಸಾಮಾನ್ಯವಾಗಿ ಸರಕು ತಲುಪುವವರೆಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಇಷ್ಟಿದ್ದೂ ಗ್ರಾಹಕ ಮುಂಚೆಯೇ ಬಿಲ್ ಮಾಡಿಸಿಕೊಂಡಿದ್ದಾನೆ ಎಂದರೆ, ಬಿಲ್ ನಿಜಕ್ಕೂ ಯಾರಿಗೆ ಬೇಕಿತ್ತು ಎಂದು ಕೇಳುವುದು ನ್ಯಾಯವೇ.

ಅಮೆರಿಕದ ಸನ್‌ಬೀಮ್ ಕಂಪನಿಯ ಪ್ರಕರಣ ನಿಂತಿದ್ದು ಇದೇ ಪ್ರಶ್ನೆಯ ಮೇಲೆ. ಗೃಹೋಪಯೋಗಿ ಉಪಕರಣಗಳನ್ನು ಮಾರುತ್ತಿದ್ದ ಈ ಕಂಪನಿಗೆ 1996ರಲ್ಲಿ ಆಲ್ ಡನ್ಲಪ್ ಮುಖ್ಯಸ್ಥನಾದ. ಅಂಗಳದಲ್ಲಿ ಮಾಂಸ ಸುಡುವ ಗ್ರಿಲ್‌ಗಳಿಗೆ ಅಲ್ಲಿ ಬೇಡಿಕೆ ಬರುವುದು ಬೇಸಿಗೆಯಲ್ಲಿ. ಆದರೆ 1997ರ ಕೊನೆಯಲ್ಲಿ, ಚಳಿಗಾಲದಲ್ಲೇ, ಕಂಪನಿ ಅಂಗಡಿಗಳಿಗೆ ರಿಯಾಯಿತಿ ಮತ್ತು ಧಾರಾಳ ಸಾಲದ ಆಸೆ ತೋರಿಸಿ ಬಿಲ್ ಮಾಡಿತು. ಸರಕನ್ನು ಗೋದಾಮುಗಳಲ್ಲಿ ಇರಿಸಿ, ಮುಂದಿನ ವರ್ಷದ ಮಾರಾಟವನ್ನು ಆ ವರ್ಷಕ್ಕೇ ಎಳೆದುಕೊಂಡಿತು. ಇಟ್ಟುಕೊಳ್ಳಿ ಎಂದು ಅಂಗಡಿಯವರು ಕೇಳಿದ್ದಲ್ಲ, ಕಂಪನಿಯೇ ಒಪ್ಪಿಸಿದ್ದು. 1997ರಲ್ಲಿ ತೋರಿಸಿದ್ದ 18.9 ಕೋಟಿ ಡಾಲರ್ ಗಳಿಕೆಯಲ್ಲಿ ಕನಿಷ್ಠ 6 ಕೋಟಿ ಡಾಲರ್ ಲೆಕ್ಕದ ವಂಚನೆಯಿಂದ ಬಂದದ್ದೆಂದು ಅಲ್ಲಿನ ಷೇರುಪೇಟೆ ನಿಯಂತ್ರಕ ಸಂಸ್ಥೆ 2001ರಲ್ಲಿ ಆರೋಪಿಸಿತು. ಬಿಲ್ ಆಂಡ್ ಹೋಲ್ಡ್ ಅದರ ಒಂದು ಭಾಗ ಮಾತ್ರ. ಡನ್ಲಪ್ ಆರೋಪವನ್ನು ಒಪ್ಪದೆ, ನಿರಾಕರಿಸದೆ 2002ರಲ್ಲಿ 5 ಲಕ್ಷ ಡಾಲರ್ ದಂಡ ತೆತ್ತ.

ಇಂಥ ಮಾರಾಟಗಳನ್ನು ಪರಿಶೀಲಿಸುವ ಲೆಕ್ಕ ಪರಿಶೋಧಕರು ಪತ್ರ ಇದೆಯೇ ಎನ್ನುವುದಕ್ಕಿಂತ ಅದನ್ನು ಮೊದಲು ಯಾರು ಎತ್ತಿದರು ಎಂದು ನೋಡುತ್ತಾರೆ. ಪತ್ರದ ಒಕ್ಕಣೆ ಮಾರಿದವನ ಕಚೇರಿಯಲ್ಲೇ ಟೈಪಾದಂತೆ ಕಂಡರೆ, ಹತ್ತು ಗ್ರಾಹಕರ ಪತ್ರಗಳಲ್ಲೂ ಅದೇ ವಾಕ್ಯಗಳಿದ್ದರೆ, ಹಣ ಕಟ್ಟುವ ಗಡುವು ಎಂದಿಗಿಂತ ಉದ್ದವಾಗಿದ್ದರೆ ಅನುಮಾನಕ್ಕೆ ಎಡೆಯಿದೆ. ಗ್ರಾಹಕನಿಗೆ ನೇರವಾಗಿ ಬರೆದು ದೃಢಪಡಿಸಿಕೊಳ್ಳುವುದು, ಸೀರಿಯಲ್ ನಂಬರ್ ಹಿಡಿದು ಯಂತ್ರಗಳನ್ನು ಎಣಿಸುವುದು, ಬೆಂಕಿ ಬಿದ್ದರೆ ನಷ್ಟ ಯಾರದು, ವಿಮೆ ಯಾರ ಹೆಸರಿನಲ್ಲಿದೆ ಎಂದು ಕೇಳುವುದು ಮುಂದಿನ ಹೆಜ್ಜೆ. ಎಣಿಕೆಯಲ್ಲಿ ಇನ್ನೊಂದು ತಪ್ಪೂ ಸಿಗುತ್ತದೆ: ಮಾರಾಟವೆಂದು ಬರೆದ ಯಂತ್ರ ಕಣ್ಣೆದುರೇ ಇದೆಯೆಂದು ದಾಸ್ತಾನಿನ ಪಟ್ಟಿಗೂ ಸೇರಿಬಿಟ್ಟು, ಲಾಭ ಉಬ್ಬುತ್ತದೆ.

ಇಂಡ್ ಎಎಸ್ ಅನ್ವಯಿಸದ ಸಣ್ಣ ಕಂಪನಿಗಳಿಗೆ ಹಳೆಯ ‘ಎಎಸ್ 9’ ಇದೆ. ಕೊಂಡವನ ಕೋರಿಕೆಯ ಮೇರೆಗೆ ಸರಕು ತಡೆದಿದ್ದು, ಅವನು ಮಾಲೀಕತ್ವವನ್ನೂ ಬಿಲ್ಲನ್ನೂ ಒಪ್ಪಿಕೊಂಡಿದ್ದರೆ ಆದಾಯ ತೋರಿಸಲು ಅದೂ ಅವಕಾಶ ಕೊಡುತ್ತದೆ. ಆದರೆ ಸರಕು ಅಂದು ಕೈಯಲ್ಲಿರಬೇಕು, ಗುರುತಿಸಿರಬೇಕು, ಸಾಗಿಸಲು ಸಿದ್ಧವಿರಬೇಕು. ಮುಂದೆ ತಯಾರಿಸಿ ಕೊಡುವ ಉದ್ದೇಶವಿದ್ದರೆ ಸಾಲದು. ಪೀಣ್ಯದ ನಾಲ್ಕನೇ ಲೇತ್ ಅಲ್ಲಿಯೂ ಮಾರ್ಚ್‌ನ ಆದಾಯಕ್ಕೆ ಸೇರುವುದಿಲ್ಲ.