ಮೂರು ಕೊಟೇಶನ್, ಒಂದೇ ಪಟ್ಟಿ

ಅಡುಗೆಕಟ್ಟೆಗೆ ಗ್ರಾನೈಟ್ ಹಾಕಿಸಬೇಕೆಂದು ವಿಚಾರಿಸಿದಾಗ, ಸುರಪುರದ ನಮ್ಮ ಮನೆಗೆ ಮೂರು ಅಂಗಡಿಗಳ ಕೊಟೇಶನ್ ಮೊಬೈಲಿನಲ್ಲಿ ಫೋಟೊ ಆಗಿ ಬಂದವು. ಕೆಳಗಿನ ಮೊತ್ತ 5,900, 6,500 ಮತ್ತು 5,800 ರೂಪಾಯಿ. ಮೂರನೆಯದೇ ಅಗ್ಗ ಅನಿಸುತ್ತದಲ್ಲವೇ? ತಡೀರಿ, ಸೋದರಿಯರೇ!

ಮೊದಲು ಅಳತೆ ಒಂದೇ ಮಾಡಿಕೊಳ್ಳಿ. ನಮ್ಮ ಕಟ್ಟೆ 10 ಅಡಿ ಉದ್ದ, 2 ಅಡಿ ಅಗಲ. ಅಂದರೆ 20 ಚದರಡಿ. ಮೊದಲನೆಯವರ ದರ ಚದರಡಿಗೆ 180, ಎರಡನೆಯವರದು ಉದ್ದದ ಅಡಿಗೆ 450, ಮೂರನೆಯವರದು ಒಟ್ಟಾರೆ. ಫೋಟೊ ದೊಡ್ಡದು ಮಾಡಿ ಪ್ರತಿ ಸಾಲನ್ನೂ ಗುಣಿಸಿ ನೋಡಿ. 1 ಅನ್ನು 7 ಎಂದು ಓದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಬರೆಯದೇ ಬಿಟ್ಟ ಸಾಲಿಗೆ ಸೊನ್ನೆ ಹಾಕಬೇಡಿ. ಪ್ರಶ್ನೆ ಚಿಹ್ನೆ ಹಾಕಿ, ಫೋನ್ ಮಾಡಿ ಕೇಳಿ. ಮೂರನೆಯವರು ಕೂಲಿ ಬರೆದಿರಲಿಲ್ಲ; ಕೇಳಿದರೆ 1,500 ಬೇರೆ ಅಂದರು. ಮೊದಲನೆಯವರ ಚೀಟಿಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ "ಜಿಎಸ್‌ಟಿ ಶೇಕಡಾ 18 ಪ್ರತ್ಯೇಕ" ಎಂದಿತ್ತು.

| ಬಾಬು | ಒಂದು | ಎರಡು | ಮೂರು |
|---|---|---|---|
| ಕಲ್ಲು | 3,600 | 4,500 | 5,800 |
| ಅಂಚಿನ ಪಾಲಿಶ್ | 600 | ಸೇರಿದೆ | ಸೇರಿದೆ |
| ಸಾಗಣೆ | 500 | 500 | ಸೇರಿದೆ |
| ಕೂಡಿಸುವ ಕೂಲಿ | 1,200 | 1,500 | 1,500 |
| ತೆರಿಗೆ | 1,062 | ಸೇರಿದೆ | ಸೇರಿದೆ |
| ಒಟ್ಟು | 6,962 | 6,500 | 7,300 |

ದುಬಾರಿ ಎನಿಸಿದ ಎರಡನೆಯದೇ ಅಗ್ಗವಾಯಿತು! ಆದರೆ ಮೂವರೂ ಒಂದೇ ಬಣ್ಣದ, ಒಂದೇ ದಪ್ಪದ ಕಲ್ಲಿಗೆ ದರ ಹೇಳಿದ್ದರೆ ಮಾತ್ರ ಈ ಲೆಕ್ಕ ಸರಿ. ಅದನ್ನೂ ಕೇಳಿ ಬರೆಸಿಕೊಳ್ಳಿ.